‘ಮಾಡಲಿಲ್ಲ’ ತನಕ ಕಣ್ಣು ತಲುಪಬೇಕು: ಕನ್ನಡ ಸಬ್‌ಟೈಟಲ್‌ನ ಲೆಕ್ಕ

ಕಳೆದ ಸೆಮಿಸ್ಟರ್‌ನಲ್ಲಿ ನಮ್ಮ ಎಲೆಕ್ಟ್ರಿಕಲ್ ಸೀನಿಯರ್ಸ್ ಪಾವಗಡದ ಸೋಲಾರ್ ಪಾರ್ಕ್ ಬಗ್ಗೆ ಒಂದು ಇಂಗ್ಲಿಷ್ ವಿಡಿಯೋ ಮಾಡಿದ್ರು. ಅದಕ್ಕೆ ಕನ್ನಡ ಸಬ್‌ಟೈಟಲ್ ಹಾಕೋ ಕೆಲಸ ಕ್ಲಬ್‌ಗೆ ಬಂತು, ಕ್ಲಬ್‌ನಿಂದ ನನಗೆ ಬಂತು. ಎರಡು ರಾತ್ರಿ ಕೂತು ಅನುವಾದ ಮಾಡಿದೆ. ಎಡಿಟರ್‌ನಲ್ಲಿ ಹೆಚ್ಚು ಕೆಂಪು ಗುರುತು ಇರಲಿಲ್ಲ. ಮುಗೀತು ಅಂದ್ಕೊಂಡೆ.

ರಜೆಗೆ ಮಧುಗಿರಿಗೆ ಹೋದಾಗ ದೊಡ್ಡಪ್ಪನಿಗೆ ಫೋನಲ್ಲಿ ವಿಡಿಯೋ ತೋರಿಸಿದೆ. ಅವರಿಗೆ ಇಂಗ್ಲಿಷ್ ಬರಲ್ಲ, ಕನ್ನಡ ಪೇಪರ್ ದಿನಾ ಓದ್ತಾರೆ. ಅರ್ಧಕ್ಕೆ ನಿಲ್ಲಿಸಿ ಕೇಳಿದ್ರು: “ಅಲ್ಲಪ್ಪಾ, ತಿರುಮಣಿ ಕಡೆಯೋರು ಜಮೀನು ಮಾರೇಬಿಟ್ರಾ? ಗುತ್ತಿಗೆ ಅಂತಿದ್ರಲ್ಲ?”

ನಾನು ಬರೆದಿದ್ದು ಅದರ ಉಲ್ಟಾ. ರೈತರು ಜಮೀನು ಮಾರಲಿಲ್ಲ, ಗುತ್ತಿಗೆಗೆ ಕೊಟ್ರು ಅಂತಾನೇ ಬರೆದಿದ್ದೆ. ಪಾವಗಡ ತಾಲ್ಲೂಕಿನಲ್ಲಿ ಇದು ಸಣ್ಣ ವ್ಯತ್ಯಾಸ ಅಲ್ಲ. ಸುಮಾರು 13,000 ಎಕರೆಯಲ್ಲಿ ಆ ಪಾರ್ಕ್ ನಿಂತಿರೋದೇ ಗುತ್ತಿಗೆ ಜಮೀನಿನ ಮೇಲೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಶುರುವಾದ ಒಪ್ಪಂದ ಅದು. ಮಾರಿದ್ರೆ ಜಮೀನು ಹೋಯ್ತು, ಗುತ್ತಿಗೆ ಅಂದ್ರೆ ಜಮೀನು ಇನ್ನೂ ನಮ್ಮದೇ.

ಅನುವಾದ ಸರಿ ಇತ್ತು, ಓದುಗರೂ ಸರಿ ಇದ್ರು. ಹಾಗಾದ್ರೆ ತಪ್ಪು ಎಲ್ಲಿ ಆಯ್ತು? ಅದನ್ನ ಹುಡುಕ್ತಾ ಹೋದಾಗ ಕಲಿತಿದ್ದನ್ನ ಇಲ್ಲಿ ಬರೀತಿದ್ದೀನಿ.

ಎರಡು ಮಿತಿ, ಒಂದು ಗಡಿಯಾರ

ಮೊದಲು ಮೂಲ ನಿಯಮಗಳು. ಇಂಗ್ಲಿಷ್ ಸಬ್‌ಟೈಟಲ್‌ಗೆ ಈಗ ಹೆಚ್ಚು ಬಳಕೆಯಲ್ಲಿರೋದು ನೆಟ್‌ಫ್ಲಿಕ್ಸ್‌ನವರ ಅಳತೆ. ಒಂದು ಸಲಕ್ಕೆ ಎರಡೇ ಸಾಲು, ಸಾಲಿಗೆ 42 ಕ್ಯಾರೆಕ್ಟರ್, ದೊಡ್ಡವರ ಕಾರ್ಯಕ್ರಮಕ್ಕೆ ಸೆಕೆಂಡಿಗೆ ಹೆಚ್ಚೆಂದರೆ 20 ಕ್ಯಾರೆಕ್ಟರ್. ಒಂದು ಸಬ್‌ಟೈಟಲ್ ಪರದೆ ಮೇಲೆ ಕನಿಷ್ಠ ಒಂದು ಸೆಕೆಂಡಿನ ಆರನೇ ಐದು ಭಾಗ ಇರಬೇಕು, ಗರಿಷ್ಠ 7 ಸೆಕೆಂಡ್. ಒಂದಕ್ಕೂ ಇನ್ನೊಂದಕ್ಕೂ ನಡುವೆ ಎರಡು ಫ್ರೇಮ್ ಅಂತರ.

ಇದಕ್ಕಿಂತ ಹಳೇದು ಟಿವಿ ಕಾಲದ ಆರು ಸೆಕೆಂಡ್ ನಿಯಮ. ತಲಾ 37 ಕ್ಯಾರೆಕ್ಟರ್‌ನ ಎರಡು ತುಂಬಿದ ಸಾಲಿಗೆ 6 ಸೆಕೆಂಡ್ ಕೊಡಬೇಕು. ಅಂದ್ರೆ 74 ಭಾಗಿಸು 6, ಸೆಕೆಂಡಿಗೆ ಸುಮಾರು 12. ಇಪ್ಪತ್ತಕ್ಕೂ ಹನ್ನೆರಡಕ್ಕೂ ಇಷ್ಟು ಅಂತರ ಇರೋದು ನೋಡುಗರ ಕಾರಣಕ್ಕೆ. ದಿನಾ ಸಬ್‌ಟೈಟಲ್ ಓದೋ ನಾವು ಇಪ್ಪತ್ತನ್ನೂ ಹಿಡೀತೀವಿ. ಅಪರೂಪಕ್ಕೆ ಓದೋರಿಗೆ ಹನ್ನೆರಡೇ ಸರಿ.

ಸಾಲಿನ ಮಿತಿ, ವೇಗದ ಮಿತಿ ಎರಡನ್ನೂ ಕಟ್ಟಿಹಾಕೋದು ಗಡಿಯಾರ. ಮಾತಾಡೋರು 5 ಸೆಕೆಂಡಲ್ಲಿ ವಾಕ್ಯ ಮುಗಿಸಿದ್ರೆ ನಮಗೆ ಸಿಗೋದು ಆ 5 ಸೆಕೆಂಡ್, ಜೊತೆಗೆ ಮುಂದಿನ ಮಾತಿಗೆ ಮೊದಲು ಅವರು ಉಸಿರೆಳೆದುಕೊಳ್ಳೋ ಸ್ವಲ್ಪ ಹೊತ್ತು. ಅಷ್ಟೇ.

ತಪ್ಪಾದ ಸಾಲು ಇದು

ವಿಡಿಯೋದಲ್ಲಿ ಇದ್ದ ಇಂಗ್ಲಿಷ್:

```
The farmers here did not sell their land.
They leased it for a fixed yearly rent.
```

ಮೊದಲ ಸಾಲು 41, ಎರಡನೇದು 39, ಒಟ್ಟು 80. 5 ಸೆಕೆಂಡಿಗೆ 80 ಅಂದ್ರೆ ಸೆಕೆಂಡಿಗೆ 16. ಎಲ್ಲ ಮಿತಿಯೊಳಗೆ ಇದೆ. ನನ್ನ ಮೊದಲ ಕನ್ನಡ ಹೀಗಿತ್ತು:

```
ಇಲ್ಲಿನ ರೈತರು ತಮ್ಮ ಜಮೀನುಗಳನ್ನು ಮಾರಾಟ ಮಾಡಲಿಲ್ಲ.
ಅವರು ಅವುಗಳನ್ನು ನಿಗದಿತ ವಾರ್ಷಿಕ ಮೊತ್ತಕ್ಕೆ ಗುತ್ತಿಗೆ ನೀಡಿದ್ದಾರೆ.
```

ಇದನ್ನ ಪೈಥಾನ್‌ನ `len()` ಗೆ ಕೊಟ್ರೆ 45 ಮತ್ತು 60 ಬರುತ್ತೆ, ಒಟ್ಟು 105. ಐದು ಸೆಕೆಂಡಿಗೆ 21, ಇಪ್ಪತ್ತರ ಮಿತಿಗಿಂತ ಒಂದೇ ಜಾಸ್ತಿ. ನಾನು ಏನು ಮಾಡಿದೆ ಅಂದ್ರೆ, ಮಾತು ಮುಗಿದ ಮೇಲೆ ಇದ್ದ ಅರ್ಧ ಸೆಕೆಂಡ್ ಮೌನಾನೂ ಸೇರಿಸಿ 5.5 ಮಾಡಿದೆ. 105 ಭಾಗಿಸು 5.5, ಅಂದ್ರೆ 19.1. ವೇಗದ ಕೆಂಪು ಗುರುತು ಹೋಯ್ತು. ಸಾಲಿನ ಉದ್ದ ಮಾತ್ರ ಜಾಸ್ತಿ ಇತ್ತು, ‘ಪ್ಲೇಯರ್ ಮಡಚಿಕೊಳ್ಳುತ್ತೆ ಬಿಡು’ ಅಂತ ಸುಮ್ಮನಾದೆ.

ಪ್ಲೇಯರ್ ಮಡಚಿತು. ದೊಡ್ಡಪ್ಪನ ಫೋನಲ್ಲಿ ಕಂಡಿದ್ದು ಇದು:

```
ಇಲ್ಲಿನ ರೈತರು ತಮ್ಮ ಜಮೀನುಗಳನ್ನು ಮಾರಾಟ
ಮಾಡಲಿಲ್ಲ.
ಅವರು ಅವುಗಳನ್ನು ನಿಗದಿತ ವಾರ್ಷಿಕ ಮೊತ್ತಕ್ಕೆ
ಗುತ್ತಿಗೆ ನೀಡಿದ್ದಾರೆ.
```

ಈಗ ಅವರ ಕಣ್ಣಿನ ಜಾಗದಲ್ಲಿ ನಿಂತು ನೋಡಿ. ಮೊದಲ ಸಾಲು ‘ಮಾರಾಟ’ದಲ್ಲಿ ಮುಗೀತು. ‘ಮಾಡಲಿಲ್ಲ’ ಅನ್ನೋದು ಒಂಟಿಯಾಗಿ ಕೆಳಗೆ ನಿಂತಿದೆ. ಆತುರದಲ್ಲಿ ಕಣ್ಣು ಅದನ್ನ ದಾಟಿ ಮೂರನೇ ದೊಡ್ಡ ಸಾಲಿಗೆ ಹಾರಿದೆ. ಅದರ ಮಧ್ಯದಲ್ಲಿ ಇದ್ದಾಗ ಸಬ್‌ಟೈಟಲ್ ಮಾಯ. ‘ಗುತ್ತಿಗೆ’ ಅನ್ನೋ ಪದ ಅವರಿಗೆ ಕಾಣಲೇ ಇಲ್ಲ. ಉಳಿದಿದ್ದು ‘ರೈತರು ಜಮೀನುಗಳನ್ನು ಮಾರಾಟ’.

ಇಲ್ಲೇ ಕನ್ನಡಕ್ಕೂ ಇಂಗ್ಲಿಷಿಗೂ ಇರೋ ದೊಡ್ಡ ವ್ಯತ್ಯಾಸ. ಇಂಗ್ಲಿಷಲ್ಲಿ ನಿಷೇಧ ವಾಕ್ಯದ ನಡುವೆನೇ, ಕ್ರಿಯಾಪದಕ್ಕೆ ಮೊದಲೇ ಬಂದುಬಿಡುತ್ತೆ. ಕೊನೆ ಪದ ತಪ್ಪಿಸಿಕೊಂಡ್ರೂ ‘ಮಾರಿಲ್ಲ’ ಅನ್ನೋದು ಗೊತ್ತಾಗಿರುತ್ತೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ, ‘ಇಲ್ಲ’ ಆ ಕ್ರಿಯಾಪದದ ಬಾಲದಲ್ಲಿ. ಕೊನೆಯ ಒಂದು ಪದ ಓದಕ್ಕಾಗದಿದ್ರೆ ಅರ್ಥ ಕಮ್ಮಿ ಆಗಲ್ಲ, ತಿರುಗಿಬೀಳುತ್ತೆ. ಅದಕ್ಕೇ ಕನ್ನಡದಲ್ಲಿ ವೇಗದ ಮಿತಿ ಮೀರೋದು ಇಂಗ್ಲಿಷಿಗಿಂತ ಜಾಸ್ತಿ ಅಪಾಯ.

ಕನ್ನಡ ನಿಜವಾಗಿ ಉದ್ದಾನಾ?

‘ಕನ್ನಡ ಇಂಗ್ಲಿಷಿಗಿಂತ ಉದ್ದ’ ಅಂತ ಎಲ್ರೂ ಹೇಳ್ತಾರೆ. ಎಣಿಸಿ ನೋಡಿದ್ರೆ ಕಥೆ ಬೇರೆ. ನಮ್ಮ ಊರುಗಳನ್ನೇ ತಗೊಳ್ಳಿ. ಮಧುಗಿರಿ ಇಂಗ್ಲಿಷಲ್ಲಿ 9 ಲೆಟರ್, ಕನ್ನಡದಲ್ಲಿ 7 ಕೋಡ್‌ಪಾಯಿಂಟ್. ಕೊರಟಗೆರೆ 10 ಮತ್ತು 8. ಪಾವಗಡ 8 ಮತ್ತು 5. ಶಿರಾ ಎರಡರಲ್ಲೂ 4. ವ್ಯಂಜನದೊಳಗೇ ‘ಅ’ ಕೂತಿರೋದ್ರಿಂದ ಹೆಸರುಗಳು ಕನ್ನಡದಲ್ಲೇ ಚಿಕ್ಕವು.

ಕೋಡ್‌ಪಾಯಿಂಟ್ ಅಂದ್ರೆ ಯೂನಿಕೋಡ್‌ನ ಒಂದು ತುಣುಕು. ‘ಗಿ’ ನಮಗೆ ಒಂದು ಅಕ್ಷರ, ಕಂಪ್ಯೂಟರಿಗೆ ‘ಗ’ ಮತ್ತು ಗುಡಿಸು, ಎರಡು. ‘ಸ್ತ್ರೀ’ ನಮಗೆ ಒಂದು, ಕಂಪ್ಯೂಟರಿಗೆ ಆರು: ಸ, ವಿರಾಮ, ತ, ವಿರಾಮ, ರ, ದೀರ್ಘದ ಗುರುತು. ಆದ್ದರಿಂದ `len()` ಹೇಳೋ ಸಂಖ್ಯೆನೂ ಕಣ್ಣು ನೋಡೋ ಅಕ್ಷರಾನೂ ಒಂದೇ ಅಲ್ಲ. ಅಕ್ಷರ ಎಣಿಸೋಕೆ ನಾನು ಬರ್ಕೊಂಡಿದ್ದು ಇಷ್ಟೇ:

```python
import unicodedata

def akshara(s):
    n, prev = 0, ""
    for ch in s:
        if ch in "\u200c\u200d":
            prev = ch
            continue
        mark = unicodedata.category(ch) in ("Mn", "Mc")
        joined = prev == "\u0ccd" and ch.isalpha()
        if not mark and not joined:
            n += 1
        prev = ch
    return n
```

ಸ್ವರದ ಗುರುತು ಮತ್ತು ವಿರಾಮವನ್ನ ಬಿಡುತ್ತೆ, ವಿರಾಮದ ನಂತರ ಬರೋ ವ್ಯಂಜನವನ್ನ ಒತ್ತು ಅಂತ ಹಿಂದಿನದಕ್ಕೆ ಸೇರಿಸುತ್ತೆ. ಮೊದಲ `if` ಇರೋದು ‘ಸಾಫ್ಟ್‌ವೇರ್’ ತರದ ಪದಗಳಿಗೆ. ಅಲ್ಲಿ ‘ಟ್’ ಆದ ಮೇಲೆ ಕಣ್ಣಿಗೆ ಕಾಣದ ಒಂದು ಕೋಡ್‌ಪಾಯಿಂಟ್ ಇರುತ್ತೆ. ಒತ್ತು ಆಗದ ಹಾಗೆ ತಡೆಯೋದು ಅದರ ಕೆಲಸ. `len()` ಅದನ್ನೂ ಎಣಿಸುತ್ತೆ.

ಈಗ ಈ ಮೂರನ್ನ ಹೋಲಿಸಿ. ‘ಮಧುಗಿರಿಯಲ್ಲಿ’ 12 ಕೋಡ್‌ಪಾಯಿಂಟ್, 6 ಅಕ್ಷರ. `in Madhugiri` ಕೂಡ ಸ್ಪೇಸ್ ಸೇರಿ 12. ‘ವರ್ಷಕ್ಕಿಷ್ಟು’ ಅದೂ 12, ಆದ್ರೆ 4 ಅಕ್ಷರ. ಎಡಿಟರಿಗೆ ಮೂರೂ ಒಂದೇ. ನಮಗೆ ಮೂರೂ ಬೇರೆ. ಇಂಗ್ಲಿಷನ್ನ ಸ್ಪೇಸ್ ಇರೋ ಕಡೆ ಮುರಿದು ಮುಂದಿನ ಸಾಲಿಗೆ ಹಾಕಬಹುದು. ‘ಮಧುಗಿರಿಯಲ್ಲಿ’ ಒಂದೇ ಗಟ್ಟಿ ತುಂಡು, ಮುರಿಯೋಕೆ ಜಾಗ ಇಲ್ಲ. ಸಾಲಲ್ಲಿ ಹಿಡಿಸಲಿಲ್ಲ ಅಂದ್ರೆ ಇಡೀ ಪದ ಕೆಳಗೆ ಬೀಳುತ್ತೆ. ‘ಮಾಡಲಿಲ್ಲ’ ಬಿದ್ದಿದ್ದು ಹಾಗೇ. ‘ವರ್ಷಕ್ಕಿಷ್ಟು’ ಅಕ್ಷರದಲ್ಲಿ ಚಿಕ್ಕದು, ಆದರೆ ನಾಲ್ಕರಲ್ಲಿ ಮೂರು ಒತ್ತಕ್ಷರ. ಕಣ್ಣು ಅಲ್ಲಿ ಸ್ವಲ್ಪ ನಿಲ್ಲುತ್ತೆ.

ಹಾಗಾದ್ರೆ ನನ್ನ ಅನುವಾದ 80 ರಿಂದ 105 ಆಗಿದ್ದು ಯಾಕೆ? ಲಿಪಿಯಿಂದ ಅಲ್ಲ, ನನ್ನಿಂದ. ಇಂಗ್ಲಿಷ್ ಮೀಡಿಯಂನಲ್ಲಿ ಓದಿದ ನನಗೆ ಬರವಣಿಗೆ ಕನ್ನಡ ಅಂದ್ರೆ ನೋಟಿಸ್ ಬೋರ್ಡ್ ಕನ್ನಡ. ಇಂಗ್ಲಿಷಲ್ಲಿ ಇದ್ದ ಪ್ರತಿ ಸರ್ವನಾಮಕ್ಕೂ ಒಂದು ಸರ್ವನಾಮ, ಪ್ರತಿ ಬಹುವಚನಕ್ಕೂ ಒಂದು ‘ಗಳನ್ನು’. ದೊಡ್ಡಪ್ಪ ಇದೇ ವಿಷಯ ಹೇಳಿದ್ರೆ ಹಾಗೆ ಹೇಳ್ತಾನೇ ಇರಲಿಲ್ಲ.

ಮೊದಲು ಬಜೆಟ್, ಆಮೇಲೆ ಅನುವಾದ

ಎರಡನೇ ಸಲ ಉಲ್ಟಾ ಹೋದೆ. ವಾಕ್ಯ ಬರೆಯೋಕೆ ಮೊದಲು ಬಜೆಟ್ ಹಾಕಿದೆ. ಸಮಯ 5.5 ಸೆಕೆಂಡ್. ವೇಗ, ದೊಡ್ಡಪ್ಪನಂಥ ಓದುಗರಿಗೆ 12 ಕೋಡ್‌ಪಾಯಿಂಟ್. ಗುಣಿಸಿದ್ರೆ 66. ಇದರಲ್ಲಿ ವಿಷಯ ಹೇಳಬೇಕು.

ಇಲ್ಲಿ ಒಂದು ಸುಲಭ ಮೋಸ ಇದೆ. ಉದ್ದ ಜಾಸ್ತಿ ಆಯ್ತು ಅಂತ ಒಂದು ಸಬ್‌ಟೈಟಲ್‌ನ ಎರಡಾಗಿ ಒಡೀತೀವಿ. ಸಾಲಿನ ಸಮಸ್ಯೆ ಅದರಿಂದ ಹೋಗುತ್ತೆ, ವೇಗದ್ದು ಹೋಗಲ್ಲ. ಒಟ್ಟು ಅಕ್ಷರ ಅಷ್ಟೇ, ಒಟ್ಟು ಸೆಕೆಂಡ್ ಅಷ್ಟೇ. ನಡುವಿನ ಎರಡು ಫ್ರೇಮ್ ಕೂಡ ನಮ್ಮದೇ ಖರ್ಚು. ಆದ್ದರಿಂದ ಕತ್ತರಿಸಲೇಬೇಕು.

‘ತಮ್ಮ’ ತೆಗೆದೆ. ರೈತರು ಮಾರೋದು ತಮ್ಮ ಜಮೀನನ್ನೇ. ಸ್ಪೇಸ್ ಸೇರಿ 5 ಉಳೀತು. ‘ಜಮೀನುಗಳನ್ನು’ ಹೋಗಿ ‘ಜಮೀನು’ ಆಯ್ತು, 6 ಉಳೀತು. ‘ಮಾರಾಟ ಮಾಡಲಿಲ್ಲ’ ಬದಲು ‘ಮಾರಿಲ್ಲ’, 7 ಉಳೀತು. ಈ ಕೊನೆಯ ಬದಲಾವಣೆ ಎಲ್ಲಕ್ಕಿಂತ ಮುಖ್ಯ. ಕ್ರಿಯೆ ಮತ್ತು ‘ಇಲ್ಲ’ ಈಗ ಒಂದೇ ಪದದಲ್ಲಿವೆ, ಪ್ಲೇಯರ್ ಅವನ್ನ ಬೇರೆ ಮಾಡೋಕಾಗಲ್ಲ. ಮೊದಲ ಸಾಲು 45 ರಿಂದ 27ಕ್ಕೆ ಇಳೀತು.

ಎರಡನೇ ಸಾಲಲ್ಲಿ ‘ಅವರು ಅವುಗಳನ್ನು’ ಪೂರ್ತಿ ಹೋಯ್ತು, ಅಲ್ಲೇ 15. ‘ನಿಗದಿತ ವಾರ್ಷಿಕ ಮೊತ್ತಕ್ಕೆ’ ಅನ್ನೋದು ‘ವರ್ಷಕ್ಕಿಷ್ಟು ಅಂತ’ ಆಯ್ತು. ‘ಇಷ್ಟು ಅಂತ’ ಅಂದ್ರೇನೇ ನಿಗದಿತ, ಅರ್ಥ ಕಳೆದುಹೋಗಲಿಲ್ಲ. ‘ನೀಡಿದ್ದಾರೆ’ ಬದಲು ‘ಕೊಟ್ಟಿದ್ದಾರೆ’ ಎರಡು ಜಾಸ್ತಿನೇ, ಆದ್ರೂ ಅದೇ ನಮ್ಮ ಮಾತು, ಇಟ್ಕೊಂಡೆ.

```
ಇಲ್ಲಿನ ರೈತರು ಜಮೀನು ಮಾರಿಲ್ಲ,
ವರ್ಷಕ್ಕಿಷ್ಟು ಅಂತ ಗುತ್ತಿಗೆಗೆ ಕೊಟ್ಟಿದ್ದಾರೆ.
```

27 ಮತ್ತು 41, ಒಟ್ಟು 68. ಬಜೆಟ್‌ಗಿಂತ ಎರಡು ಜಾಸ್ತಿ, ಸೆಕೆಂಡಿಗೆ 12.4. ಸಾಲು ಒಡೆದಿರೋದೂ ಅರ್ಥ ಮುಗಿಯೋ ಕಡೆ. ಮೇಲಿನ ಸಾಲು ಮಾತ್ರ ಓದಿದ್ರೂ ‘ಮಾರಿಲ್ಲ’ ಗೊತ್ತಾಗುತ್ತೆ.

ನಾಲ್ಕು ತಾಲ್ಲೂಕಿನ ಪರೀಕ್ಷೆ

ಹಾಸ್ಟೆಲ್‌ನಲ್ಲಿ ನಾವು ನಾಲ್ಕು ಜನ: ನಾನು ಮಧುಗಿರಿ, ಉಳಿದವರು ಶಿರಾ, ಕೊರಟಗೆರೆ, ಪಾವಗಡ. ಎಲ್ರೂ ಹೊಸ ವಿಡಿಯೋನ ಮನೆಗೆ ತಗೊಂಡು ಹೋದ್ವಿ. ‘ಅರ್ಥ ಆಯ್ತಾ’ ಅಂತ ಕೇಳಬಾರದು ಅಂತ ಮಾತಾಡ್ಕೊಂಡಿದ್ವಿ, ಯಾಕಂದ್ರೆ ಮನೆಯವರು ಬೇಜಾರಾಗದಿರಲಿ ಅಂತ ‘ಆಯ್ತು’ ಅಂದುಬಿಡ್ತಾರೆ. ಸೌಂಡ್ ಮ್ಯೂಟ್ ಮಾಡಿ, ಸಬ್‌ಟೈಟಲ್ ಹೋದ ತಕ್ಷಣ ವಿಡಿಯೋ ನಿಲ್ಲಿಸಿ, ‘ಕೊನೇ ಪದ ಏನಿತ್ತು?’ ಅಂತ ಮಾತ್ರ ಕೇಳೋದು. ಕನ್ನಡದಲ್ಲಿ ಕೊನೇ ಪದ ತಲುಪಿದ್ರೆ ವಾಕ್ಯ ತಲುಪಿದ ಹಾಗೆ.

ಶಿರಾ ಗೆಳೆಯನ ಅಜ್ಜಿ ‘ವರ್ಷಕ್ಕಿಷ್ಟು’ ಹತ್ರ ನಿಂತುಬಿಟ್ರು. “ಇದೇನೋ ಇದು, ಎಲ್ಲಾ ಒಂದಕ್ಕೊಂದು ಅಂಟ್ಕೊಂಡಿದೆ” ಅಂದ್ರಂತೆ. ಬಿಡಿಸಿ ‘ವರ್ಷಕ್ಕೆ ಇಷ್ಟು’ ಮಾಡಿದ್ರೆ ಎರಡು ಜಾಸ್ತಿ, ಸಾಲು 43, ಮಿತಿ ದಾಟುತ್ತೆ. ‘ಗುತ್ತಿಗೆಗೆ ಕೊಟ್ಟಿದ್ದಾರೆ’ ಅನ್ನೋದನ್ನ ‘ಗುತ್ತಿಗೆ ಕೊಟ್ಟಿದ್ದಾರೆ’ ಮಾಡಿ ಆ ಎರಡನ್ನ ವಾಪಸ್ ತಗೊಂಡೆ. ಕೊನೆಗೆ ಉಳಿದ ರೂಪ:

```
00:01:14,000 --> 00:01:19,500
ಇಲ್ಲಿನ ರೈತರು ಜಮೀನು ಮಾರಿಲ್ಲ,
ವರ್ಷಕ್ಕೆ ಇಷ್ಟು ಅಂತ ಗುತ್ತಿಗೆ ಕೊಟ್ಟಿದ್ದಾರೆ.
```

ಗಮನಿಸಿ, `len()` ಪ್ರಕಾರ ಈಗಲೂ 68, ಅಕ್ಷರ 34 ರಿಂದ 35 ಆಯ್ತು. ಸಂಖ್ಯೆ ಇಳಿಯಲಿಲ್ಲ, ಆದರೂ ಓದೋಕೆ ಸುಲಭ ಆಯ್ತು. ಸಂಧಿ ಮಾಡಿ ಜಾಗ ಉಳಿಸೋದು ಲೆಕ್ಕದಲ್ಲಿ ಲಾಭ, ಓದಿನಲ್ಲಿ ನಷ್ಟ.

ಪಾವಗಡದ ಮನೆಯಲ್ಲಿ ಬೇರೆ ತೊಂದರೆ. ಆ ತಾಲ್ಲೂಕಿನ ಸುತ್ತ ಹೆಚ್ಚಿನ ಭಾಗ ಆಂಧ್ರ, ಎಷ್ಟೋ ಮನೇಲಿ ತೆಲುಗು, ಓದಿದ್ದು ಕನ್ನಡದಲ್ಲಿ. ಗೆಳತಿಯ ಮಾವ ಈ ಸಾಲನ್ನ ಆರಾಮಾಗಿ ಓದಿದ್ರು, ಪಾರ್ಕಿನ ಅಂಕಿ ಇದ್ದ ಸಾಲಲ್ಲಿ ಹಿಂದೆ ಬಿದ್ರು:

```
5 ಹಳ್ಳಿ, 13,000 ಎಕರೆ, 2,050 ಮೆಗಾವ್ಯಾಟ್.
```

39 ಕೋಡ್‌ಪಾಯಿಂಟ್, 3 ಸೆಕೆಂಡ್, ಅಂದ್ರೆ 13. ಲೆಕ್ಕದಲ್ಲಿ ತಪ್ಪೇ ಇಲ್ಲ. ಆದರೆ ಯಾರೂ ‘2,050’ ಅನ್ನ ಐದು ಗುರುತಾಗಿ ಓದಲ್ಲ, ಮನಸ್ಸಲ್ಲಿ ‘ಎರಡು ಸಾವಿರದ ಐವತ್ತು’ ಅಂತ ಹೇಳ್ಕೋತಾರೆ. ಅಂಕಿಗಳನ್ನೆಲ್ಲ ಪದದಲ್ಲಿ ಬರೆದು ಎಣಿಸಿದ್ರೆ ಅದೇ ಸಾಲು 61, ಸೆಕೆಂಡಿಗೆ 20.3! ಆ ಹೊತ್ತಲ್ಲಿ ಪರದೆ ಮೇಲಿನ ಗ್ರಾಫ್‌ನಲ್ಲೇ 2,050 ದೊಡ್ಡದಾಗಿ ಕಾಣ್ತಿತ್ತು. ಸಬ್‌ಟೈಟಲ್‌ನಿಂದ ಅದನ್ನ ತೆಗೆದೆ. ಉಳಿದಿದ್ದನ್ನ ಪದದಲ್ಲಿ ಎಣಿಸಿದ್ರೆ 30, ಸೆಕೆಂಡಿಗೆ 10. ಅಂದಿನಿಂದ ಅಂಕಿ ಇರೋ ಸಾಲನ್ನ ಪರದೆಗೆ ಅಂಕಿಯಲ್ಲಿ ಬರೀತೀನಿ, ಸಮಯಕ್ಕೆ ಪದದಲ್ಲಿ ಎಣಿಸ್ತೀನಿ.

ಕೊರಟಗೆರೆಯಿಂದ ಬಂದ ದೂರು ಸಮಯದ್ದಲ್ಲ, ಎತ್ತರದ್ದು. ಅವರ ಟಿವಿಯಲ್ಲಿ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗ್ತಿತ್ತು. ‘ರಾಷ್ಟ್ರ’ ತರದ ಪದ ಮೇಲಿನ ಸಾಲಲ್ಲಿ ಬಂದ್ರೆ ಇನ್ನೂ ಕಷ್ಟ. ಇಂಗ್ಲಿಷ್‌ಗೆ ಇಟ್ಟ ಸಾಲಿನ ಅಂತರ ಕನ್ನಡಕ್ಕೆ ಸಾಲಲ್ಲ. ಸಬ್‌ಟೈಟಲ್ ಫೈಲ್‌ನಲ್ಲಿ ಇದನ್ನ ಸರಿ ಮಾಡೋಕಾಗಲ್ಲ, ಪ್ಲೇಯರ್ ಏನು ಮಾಡುತ್ತೋ ಅದೇ. ಅದಕ್ಕೆ ಟಿವಿಯಲ್ಲಿ ತೋರಿಸೋ ಕಾಪಿಗೆ ಅಂತರ ಹೆಚ್ಚಿಸಿ ಸಬ್‌ಟೈಟಲ್‌ಗಳನ್ನ ವಿಡಿಯೋ ಮೇಲೇ ಅಚ್ಚು ಮಾಡಿದ್ವಿ.

ಹನ್ನೆರಡು ಅನ್ನೋ ವೇಗ ಎಲ್ಲ ಕಡೆಗೂ ಸರಿ ಅಂತ ನಾನು ಹೇಳ್ತಿಲ್ಲ. ನಮ್ಮ ಕ್ಯಾಂಪಸ್ ಫೆಸ್ಟ್ ವಿಡಿಯೋಗೆ ಅಷ್ಟು ಕತ್ತರಿಸಿದ್ರೆ ಮಾತಿನ ಮಜಾನೇ ಹೋಗುತ್ತೆ. ಅಲ್ಲಿ ಓದೋರು ನಾವು, ಹದಿನಾರು ಹದಿನೇಳು ನಡೆಯುತ್ತೆ. ಸಂಖ್ಯೆ ಆರಿಸೋಕೆ ಮೊದಲು ಯಾರು ಓದ್ತಾರೆ ಅಂತ ಆರಿಸಬೇಕು.

ಯುಗಾದಿಗೆ ಹೋದಾಗ ದೊಡ್ಡಪ್ಪನಿಗೆ ಹೊಸ ಕಾಪಿ ತೋರಿಸಿದೆ. ಆ ಸಾಲು ಬಂತು, ಹೋಯ್ತು. ನಾನು ಕೊನೇ ಪದ ಕೇಳೋಕೆ ಮೊದಲೇ ಅವರೇ ಅಂದ್ರು: “ಹ್ಞಾ, ಗುತ್ತಿಗೆ. ನಾನು ಅವತ್ತೇ ಹೇಳ್ಲಿಲ್ವಾ?”